ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ: ಹೌಜ್ ಖಾಸ್‌ನ ಕನ್ನಡದ ಗೆಳೆಯರಿಗೊಂದು ಬಹಿರಂಗ ಪತ್ರ

ಜಿಂಕೆ ಪಾರ್ಕಿನಲ್ಲಿ ಬೆಳಗ್ಗೆ ಸೇರುವ ಅಣ್ಣಂದಿರೇ, ಅಕ್ಕಂದಿರೇ, ಗೆಳೆಯರೇ,

ಕಳೆದ ವಾರ ನಮ್ಮ ವಾಟ್ಸ್ಯಾಪ್ ಗುಂಪಿಗೆ ಒಂದು ಪಟ್ಟಿ ಬಂತು. ನೂರು ದಿನ ವ್ಯಾಯಾಮ, ಒಂದು ದಿನವೂ ತಪ್ಪಬಾರದು, ತಪ್ಪಿದವರ ಹೆಸರಿನ ಮುಂದೆ ಕೆಂಪು ಗುರುತು. ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ಉದ್ದೇಶವನ್ನೂ ಬರೆದಿದ್ದೀರಿ: ಹೊಟ್ಟೆ ಕರಗಬೇಕು. ನಾನು ಹೆಸರು ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಇಬ್ಬರು ಫೋನ್ ಮಾಡಿ ಕೇಳಿದರು. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹದಿನಾಲ್ಕು ವರ್ಷದಿಂದ ಫಿಸಿಯೊಥೆರಪಿ ಮಾಡುತ್ತಿರುವವಳಾಗಿ ಎಲ್ಲರಿಗೂ ಒಟ್ಟಿಗೆ ಬರೆಯುವುದೇ ಸರಿ ಅನ್ನಿಸಿತು.

ನಾನು ಹೇಳಬೇಕಾದದ್ದು ಇಷ್ಟು. ಕೊಬ್ಬು ಕರಗಿಸುವುದೇ ಗುರಿಯಾದರೆ ವಾರಕ್ಕೆ ಏಳು ದಿನ ಬೆವರು ಸುರಿಸುವುದಕ್ಕಿಂತ ನಾಲ್ಕು ದಿನ ಮನಸ್ಸಿಟ್ಟು ಮಾಡಿ, ಉಳಿದ ಮೂರು ದಿನ ಸರಿಯಾಗಿ ಬಿಡುವು ಕೊಡುವುದು ನಮ್ಮಂಥ ಕಚೇರಿ ಜನರಿಗೆ ಹೆಚ್ಚು ಕೆಲಸ ಮಾಡುತ್ತದೆ. ಇದು ಸೋಮಾರಿಗಳ ಸಮಾಧಾನದ ಮಾತಲ್ಲ. ಲೆಕ್ಕ ಹಾಕಿ ತೋರಿಸುತ್ತೇನೆ.

ನಮ್ಮದೇ ಗುಂಪಿನ ಒಬ್ಬರ ಲೆಕ್ಕ ಅದು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಹುಬ್ಬಳ್ಳಿ ಕಡೆಯವರು, ವಯಸ್ಸು 46, ಸರ್ಕಾರಿ ಕಚೇರಿಯಲ್ಲಿ ಕೆಲಸ. ಹೋದ ವರ್ಷ ವಾರಕ್ಕೆ ನಾಲ್ಕು ದಿನ ವ್ಯಾಯಾಮ ಶುರು ಮಾಡಿದಾಗ 84 ಕಿಲೋ ಇದ್ದರು. ಎರಡು ದಿನ ಭಾರ ಎತ್ತುವುದು, ಎರಡು ದಿನ ಪಾರ್ಕಿನಲ್ಲಿ ಓಟ. ಆರು ವಾರದಲ್ಲಿ ಎರಡು ಕಿಲೋ ಇಳಿಯಿತು. ಖುಷಿಯಾಯಿತು. ನಾಲ್ಕು ದಿನಕ್ಕೆ ಇಷ್ಟಾದರೆ ಏಳು ದಿನಕ್ಕೆ ಎಷ್ಟಾಗಬೇಡ ಎಂದು ಏಳೂ ದಿನ ಶುರು ಮಾಡಿದರು. ಮುಂದಿನ ಐದು ವಾರ ತೂಕದ ಮುಳ್ಳು ಅಲ್ಲಾಡಲಿಲ್ಲ. ಸೊಂಟದ ಅಳತೆಯೂ ಇದ್ದಲ್ಲೇ ಇತ್ತು. ಊಟ ಇನ್ನೂ ಕಡಿಮೆ ಮಾಡಲೇ ಎಂದು ಕೇಳಿಕೊಂಡು ನನ್ನ ಹತ್ತಿರ ಬಂದರು.

ಊಟದ ಮಾತು ಎತ್ತುವ ಮೊದಲು ಅವರ ಫೋನು ಇಸಿದುಕೊಂಡು ಹೆಜ್ಜೆಯ ಲೆಕ್ಕ ನೋಡಿದೆ. ವ್ಯಾಯಾಮದ ಹೊತ್ತನ್ನು ಬಿಟ್ಟು ಉಳಿದ ದಿನದಲ್ಲಿ ಎಷ್ಟು ನಡೆಯುತ್ತಾರೆ ಎನ್ನುವುದಷ್ಟೇ ನನಗೆ ಬೇಕಿತ್ತು. ನಾಲ್ಕು ದಿನದ ಕಾಲದಲ್ಲಿ ದಿನಕ್ಕೆ ಸರಾಸರಿ 8,500 ಹೆಜ್ಜೆ. ಏಳು ದಿನದ ಕಾಲದಲ್ಲಿ 4,700. "ಸರ್, ಈ ಹೆಜ್ಜೆಗಳೆಲ್ಲ ಎಲ್ಲಿ ಹೋದವು?" ಎಂದೆ. ಅವರು ಯೋಚಿಸಿದರು. ಮೊದಲೆಲ್ಲ ಹೌಜ್ ಖಾಸ್ ಮೆಟ್ರೋದಲ್ಲಿ ಇಳಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಆ ನಿಲ್ದಾಣ ಎಷ್ಟು ಆಳದಲ್ಲಿದೆ ಎಂದು ನಿಮಗೆಲ್ಲ ಗೊತ್ತು. ಈಗ ಎಸ್ಕಲೇಟರಿನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಮನೆಯವರೆಗೆ ನಡೆಯುತ್ತಿದ್ದ ದಾರಿಗೆ ಇ-ರಿಕ್ಷಾ ಹಿಡಿಯುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಸಹೋದ್ಯೋಗಿಗಳ ಜೊತೆ ಒಂದು ಸುತ್ತು ಹೋಗುತ್ತಿದ್ದದ್ದು ನಿಂತಿದೆ. ರಾತ್ರಿ ಹಾಲು ತರಲು ಮಗನನ್ನು ಕಳಿಸುತ್ತಾರೆ. ಇದ್ಯಾವುದನ್ನೂ ಅವರು ನಿರ್ಧಾರ ಮಾಡಿ ಬಿಟ್ಟದ್ದಲ್ಲ. ದಣಿದ ಮೈ ತನ್ನಷ್ಟಕ್ಕೆ ತಾನೇ ಬಿಟ್ಟಿತ್ತು.

ಈಗ ಲೆಕ್ಕ. ಅವರ ತೂಕದವರಿಗೆ ಒಂದು ಗಂಟೆಯ ವ್ಯಾಯಾಮದಲ್ಲಿ, ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದದ್ದನ್ನು ಕಳೆದು, ಸುಮಾರು 350 ಕ್ಯಾಲೊರಿ ಹೆಚ್ಚಿಗೆ ಹೋಗುತ್ತದೆ ಎಂದುಕೊಳ್ಳಿ. ಮೂರು ದಿನ ಹೆಚ್ಚು ಮಾಡಿದ್ದರಿಂದ ವಾರಕ್ಕೆ 1,050 ಕ್ಯಾಲೊರಿ ಲಾಭ. ಇನ್ನು ನಷ್ಟ. ಸಾವಿರ ಹೆಜ್ಜೆ ನಡೆದರೆ ಅವರಿಗೆ ಸುಮಾರು 30 ಕ್ಯಾಲೊರಿ ಹೋಗುತ್ತದೆ. ದಿನಕ್ಕೆ 3,800 ಹೆಜ್ಜೆ ಕಡಿಮೆಯಾದರೆ ವಾರಕ್ಕೆ ಸುಮಾರು 800 ಕ್ಯಾಲೊರಿ ಉಳಿದುಹೋಯಿತು. ಅಂದರೆ ಮೂರು ದಿನ ಕತ್ತಲಲ್ಲೇ ಎದ್ದು ಓಡಿದ್ದರ ನಿಜವಾದ ಗಳಿಕೆ ವಾರಕ್ಕೆ 250 ಕ್ಯಾಲೊರಿ. ಅದು ದಿಲ್ಲಿಯ ಒಂದು ದೊಡ್ಡ ಲೋಟ ಸಿಹಿ ಲಸ್ಸಿ. ಏಳು ದಿನ ಮಾಡುತ್ತಿದ್ದೇನೆ, ಇಷ್ಟಕ್ಕೆ ಏನಾಗುತ್ತದೆ ಎನ್ನುವ ಧೈರ್ಯದಲ್ಲಿ ಅವರು ವಾರಕ್ಕೆ ಎರಡು ಲೋಟ ಕುಡಿಯುತ್ತಿದ್ದರು. ಲೆಕ್ಕ ಮೈನಸ್ಸಿಗೆ ಹೋಯಿತು.

ಇದು ಒಬ್ಬರ ಕಥೆ ಎಂದು ತಳ್ಳಿಹಾಕಬೇಡಿ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಕ್ಯಾಂಪಸ್ಸಿನಲ್ಲಿ ಗ್ಯಾರಿ ಹಂಟರ್ ಮತ್ತು ಸಂಗಡಿಗರು ಇದನ್ನೇ ಅಳೆದು ನೋಡಿ 2013ರಲ್ಲಿ ಪ್ರಕಟಿಸಿದರು. ಅರವತ್ತು ದಾಟಿದ ಮಹಿಳೆಯರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಎರಡು ದಿನ ವ್ಯಾಯಾಮ, ಇನ್ನೊಂದಕ್ಕೆ ನಾಲ್ಕು, ಮತ್ತೊಂದಕ್ಕೆ ಆರು. ಅರ್ಧ ಭಾರ ಎತ್ತುವುದು, ಅರ್ಧ ದಮ್ಮಿನ ವ್ಯಾಯಾಮ. ಹದಿನಾರು ವಾರ ಕಳೆದ ಮೇಲೆ ನೋಡಿದರೆ ಶಕ್ತಿ, ದಮ್ಮು, ಮೈಯ ಕೊಬ್ಬಿನ ಇಳಿತ ಮೂರೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಬೇರೆಯಾದದ್ದು ವ್ಯಾಯಾಮದ ಹೊರಗಿನ ದಿನ. ನಾಲ್ಕು ದಿನದವರ ಇಡೀ ದಿನದ ಖರ್ಚು ಏರಿತ್ತು. ವ್ಯಾಯಾಮ ಬಿಟ್ಟು ಉಳಿದ ಹೊತ್ತಿನಲ್ಲೂ ಅವರು ಮೊದಲಿಗಿಂತ ಹೆಚ್ಚು ಓಡಾಡುತ್ತಿದ್ದರು. ಆರು ದಿನದವರಲ್ಲಿ ಆ ಹೊತ್ತಿನ ಓಡಾಟ ಕುಸಿದಿತ್ತು, ದಿನಕ್ಕೆ 150 ಕ್ಯಾಲೊರಿಯ ಆಸುಪಾಸು. ಹೊತ್ತೇ ಸಾಲುತ್ತಿಲ್ಲ ಎಂದು ಅವರು ಹೇಳಿಕೊಂಡರಂತೆ. ಹೊತ್ತು ಸಾಲದವರು ನಡೆದು ಹೋಗುವ ಕಡೆಗೆ ಗಾಡಿ ಹತ್ತುತ್ತಾರೆ. ನಮ್ಮ ಹುಬ್ಬಳ್ಳಿಯವರು ಮಾಡಿದ್ದೂ ಅದೇ.

ಇದರ ಅರ್ಥ ಆರು ದಿನ ಮಾಡಿದವರಿಗೆಲ್ಲ ಕೊಬ್ಬು ಕೂಡುತ್ತದೆ ಎಂದಲ್ಲ. ಆ ಮಹಿಳೆಯರಿಗೂ ಕರಗಿತು, ಎರಡು ದಿನ ಹೆಚ್ಚು ಮಾಡಿದ್ದರ ಫಲ ಮಾತ್ರ ಸಿಗಲಿಲ್ಲ. ಚಿಕ್ಕ ವಯಸ್ಸಿನವರ ಮಾತೇ ಬೇರೆ ಎನ್ನುವವರಿಗೆ ಕೋಪನ್‌ಹೇಗನ್ನಿನ ಇನ್ನೊಂದು ಅಧ್ಯಯನ ಇದೆ, 2012ರದು. ತೂಕ ಹೆಚ್ಚಿದ್ದ ತರುಣರಲ್ಲಿ ಒಂದು ಗುಂಪಿಗೆ ದಿನಕ್ಕೆ 300 ಕ್ಯಾಲೊರಿಯಷ್ಟು ವ್ಯಾಯಾಮ, ಇನ್ನೊಂದಕ್ಕೆ 600ರಷ್ಟು. ಹದಿಮೂರು ವಾರದ ಕೊನೆಗೆ ಕಡಿಮೆ ಮಾಡಿದವರಿಗೆ ಕರಗಿದ ಕೊಬ್ಬು ಸರಾಸರಿ 4 ಕಿಲೋ, ದುಪ್ಪಟ್ಟು ಮಾಡಿದವರಿಗೆ 3.8 ಕಿಲೋ. ಟಾಂಜಾನಿಯಾದ ಹಡ್ಜಾ ಎಂಬ ಬೇಟೆಗಾರ ಜನ ದಿನವಿಡೀ ಕಾಡು ಸುತ್ತಿದರೂ ಅವರ ಮೈಯ ಗಾತ್ರಕ್ಕೆ ತಕ್ಕಂತೆ ನೋಡಿದರೆ ದಿನದ ಒಟ್ಟು ಖರ್ಚು ನಗರದವರಷ್ಟೇ ಇದೆ ಎಂದು ಹರ್ಮನ್ ಪಾಂಟ್ಜರ್ ತಂಡ ಅದೇ ವರ್ಷ ತೋರಿಸಿತು. ಮೈ ತನ್ನ ಖರ್ಚಿಗೆ ಒಂದು ಮಿತಿ ಇಟ್ಟುಕೊಂಡಂತಿದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಉಳಿಸುತ್ತದೆ.

ಎರಡನೆಯ ವಿಷಯ ನಿದ್ದೆ. ನಮ್ಮ ಪಟ್ಟಿಯಲ್ಲಿ ಬೆಳಗಿನ ಐದಕ್ಕೆ ಪಾರ್ಕಿನ ಗೇಟಿನಲ್ಲಿರಬೇಕು ಎಂದಿದೆ. ನಾಲ್ಕೂವರೆಗೆ ಏಳಬೇಕು. ದಿಲ್ಲಿಯಲ್ಲಿ ಕಚೇರಿಯಿಂದ ಬಂದು, ಮಕ್ಕಳ ಓದು ಮುಗಿಸಿ, ಅಡುಗೆಮನೆ ಒರೆಸಿ ಮಲಗುವಾಗ ಹನ್ನೊಂದಂತೂ ಆಗುತ್ತದೆ. ಅಕ್ಕಂದಿರಿಗೆ ಇನ್ನೂ ತಡ. ಸಿಗುವುದು ಐದೂವರೆ ಗಂಟೆ ನಿದ್ದೆ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಇದೇ ಐದೂವರೆ ಗಂಟೆಯನ್ನು ಪರೀಕ್ಷೆ ಮಾಡಿದರು, 2010ರಲ್ಲಿ ಪ್ರಕಟವಾಯಿತು. ಹತ್ತೇ ಜನರ ಸಣ್ಣ ಪ್ರಯೋಗ, ಆದರೆ ತುಂಬ ಎಚ್ಚರದಿಂದ ಮಾಡಿದ್ದು. ಒಂದೇ ಜನ, ಒಂದೇ ಮಿತಿಯ ಊಟ; ಎರಡು ವಾರ ಮಲಗಲು ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ. ಎರಡು ಸಲವೂ ಇಳಿದ ತೂಕ ಸುಮಾರು 3 ಕಿಲೋ. ಚೆನ್ನಾಗಿ ಮಲಗಿದಾಗ ಅದರಲ್ಲಿ ಕೊಬ್ಬು 1.4 ಕಿಲೋ. ನಿದ್ದೆ ಕೆಟ್ಟಾಗ ಕೊಬ್ಬು 0.6 ಕಿಲೋ ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಸ್ನಾಯುವಿನಂಥ ಕೊಬ್ಬಲ್ಲದ ಭಾಗ. ಹಸಿವೂ ಹೆಚ್ಚಾಗಿತ್ತು. ವಾರಕ್ಕೆ ಮೂರು ದಿನವಾದರೂ ಅಲಾರಾಂ ಇಲ್ಲದೆ ಏಳಿ ಎಂದು ನಾನು ಹೇಳುವುದು ಇದಕ್ಕೆ.

ತೂಕದ ಕಾಟಾ ಮಾಡುವ ಒಂದು ಮೋಸವನ್ನೂ ತಿಳಿದುಕೊಳ್ಳಿ. ಹೊಸದಾಗಿ ಜೋರು ವ್ಯಾಯಾಮ ಮಾಡಿದಾಗ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ಅದನ್ನು ರಿಪೇರಿ ಮಾಡಲು ಮೈ ಅಲ್ಲಿ ನೀರು ತುಂಬಿಕೊಳ್ಳುತ್ತದೆ. ಮರುದಿನ, ಮೂರನೆಯ ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದಲ್ಲ, ಆ ನೋವಿನ ಜೊತೆಗಿರುವ ಬಾವು ಅದು. ಸ್ನಾಯು ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಕೂಡ ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಡುತ್ತದೆ. ಹೀಗಾಗಿ ಕೊಬ್ಬು ಕರಗುತ್ತಿದ್ದರೂ ಕಾಟಾ ಒಂದು ಕಿಲೋ ಮೇಲೆ ತೋರಿಸಬಹುದು. ಬಿಡುವು ಕೊಟ್ಟರೆ ಆ ನೀರು ಇಳಿಯುತ್ತದೆ. ಬಿಡುವೇ ಕೊಡದವರು ಕಾಟಾ ನೋಡಿ ಹೆದರಿ, ಇನ್ನೂ ಹೆಚ್ಚು ಓಡಿ, ಊಟ ಇನ್ನೂ ಕತ್ತರಿಸುತ್ತಾರೆ. ನನ್ನ ಹತ್ತಿರ ಬರುವವರಲ್ಲಿ ಈ ತಪ್ಪು ಮಾಡಿದವರೇ ಹೆಚ್ಚು. ದಿನದ ತೂಕ ನಂಬಬೇಡಿ. ಬೆಳಗ್ಗೆ ಎದ್ದು, ಶೌಚ ಮುಗಿಸಿ, ಏನೂ ಕುಡಿಯದೆ ನೋಡಿದ ಏಳು ದಿನದ ತೂಕದ ಸರಾಸರಿಯನ್ನು ಹೋದ ವಾರದ ಸರಾಸರಿಯ ಜೊತೆ ಹೋಲಿಸಿ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ವಾರಕ್ಕೊಮ್ಮೆ ಸೊಂಟ ಅಳೆಯಿರಿ. ಸೊಂಟ ಇಳಿಯುತ್ತಿದ್ದರೆ ಕಾಟಾ ಏನೇ ಹೇಳಲಿ, ನೀವು ಸರಿ ದಾರಿಯಲ್ಲಿದ್ದೀರಿ.

ಹಾಗಾದರೆ ಬಿಡುವಿನ ದಿನ ಏನು ಮಾಡಬೇಕು? ನಮ್ಮ ಊರುಗಳಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಬಸವನ ದಿನ. ನಮ್ಮ ಅಜ್ಜ ಅವತ್ತು ಎತ್ತುಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಹಾಕುತ್ತಿರಲಿಲ್ಲ. ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈ ತೊಳೆದು, ಬದುವಿನ ಮೇಲೆ ಮೇಯಲು ಬಿಟ್ಟು, ಸಂಜೆ ಹಿಂಡಿ ಹಾಕುತ್ತಿದ್ದರು. ಎತ್ತು ನಡೆಯುತ್ತಿತ್ತು, ತಿನ್ನುತ್ತಿತ್ತು, ಹೆಗಲ ಮೇಲೆ ಭಾರ ಮಾತ್ರ ಇರುತ್ತಿರಲಿಲ್ಲ. ಮೈಸೂರಿನ ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದ ಪಾಠ ಮೈ ಹಿಂಡುವಂಥದ್ದು. ಅಲ್ಲೂ ವಾರಕ್ಕೊಂದು ದಿನ ರಜೆ, ಅಮಾವಾಸ್ಯೆ ಹುಣ್ಣಿಮೆಗೆ ರಜೆ. ಅದನ್ನು ಕಲಿಯಲು ದೇಶ ಬಿಟ್ಟು ಬಂದವರೂ ಆ ರಜೆ ಪಾಲಿಸುತ್ತಾರೆ.

ಬಿಡುವಿನ ದಿನದ ನಡಿಗೆ 30ರಿಂದ 40 ನಿಮಿಷ. ವೇಗದ ಅಳತೆಗೆ ವಾಚು ಬೇಡ. ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಹೇಳಲು ಆಗಬೇಕು, ಮೂಗಿನಲ್ಲೇ ಉಸಿರಾಡಲು ಆಗಬೇಕು. ಬಾಯಿ ತೆರೆದು ಉಸಿರು ಬಿಡುತ್ತಿದ್ದರೆ ನಿಧಾನ ಮಾಡಿ. ಪಾರ್ಕಿನಿಂದ ಕೆರೆಯ ಕಡೆ ಹೋಗಿ, ಫಿರೋಜ್ ಷಾ ತುಘಲಕನ ಗೋರಿ, ಮದರಸಾದ ಕಂಬಗಳನ್ನು ಆಚೆ ದಡದಿಂದ ನೋಡಿಕೊಂಡು ತಿರುಗಿ ಬಂದರೆ ಸಾಕು. ಅಲಾವುದ್ದೀನ್ ಖಿಲ್ಜಿ ತೋಡಿಸಿದ ಈ ಕೆರೆ ಹೂಳು ತುಂಬಿ ಒಣಗಿದಾಗ ಹೂಳೆತ್ತಿಸಿದವನು ಅದೇ ಫಿರೋಜ್ ಷಾ. ಓಡುವ ದಿನಗಳಲ್ಲಿ ಯಾರೂ ಅತ್ತ ಕಣ್ಣೆತ್ತಿ ನೋಡಿದ್ದು ನಾನು ಕಂಡಿಲ್ಲ. ನವೆಂಬರಿನ ಹೊಗೆಯ ದಿನಗಳಲ್ಲಿ ಮಾತ್ರ ಹೊರಗೆ ಬೇಡ. ಮನೆಯೊಳಗೇ ಅಷ್ಟು ಹೊತ್ತು ಓಡಾಡಿ, ಸೊಂಟ ತೊಡೆಗಳನ್ನು ಸಡಿಲ ಮಾಡಿಕೊಳ್ಳಿ.

ಹಗುರ ನಡಿಗೆಯಿಂದ ಲ್ಯಾಕ್ಟಿಕ್ ಆಸಿಡ್ ತೊಳೆದುಹೋಗಿ ನೋವು ಹೋಗುತ್ತದೆ ಎಂದು ಜಿಮ್ಮುಗಳಲ್ಲಿ ಹೇಳುತ್ತಾರೆ. ಅದು ಸರಿಯಲ್ಲ. ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯಲ್ಲಿ ಅದು ತಾನಾಗಿಯೇ ಇಳಿದಿರುತ್ತದೆ. ಎರಡನೆಯ ದಿನದ ನೋವಿಗೆ ಅದು ಕಾರಣವೂ ಅಲ್ಲ. ಹಗುರ ನಡಿಗೆಯ ನಿಜವಾದ ಉಪಯೋಗ ಬೇರೆ: ಬಿಗಿತ ಸಡಿಲವಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಮುಖ್ಯವಾಗಿ ದಿನದ ಹೆಜ್ಜೆ ಬೀಳದಂತೆ ಉಳಿಯುತ್ತದೆ. ಬಿಡುವಿನ ದಿನ ಎಂದು ಇಡೀ ದಿನ ಸೋಫಾ ಹಿಡಿದರೆ ಹುಬ್ಬಳ್ಳಿಯವರಿಗೆ ಆದದ್ದೇ ಆಗುತ್ತದೆ.

ಆ ದಿನ ಊಟ ಬಿಡುವವರೂ ನಮ್ಮಲ್ಲಿದ್ದಾರೆ. ಕೆಲಸ ಇಲ್ಲ, ಅದಕ್ಕೆ ಊಟ ಇಲ್ಲ ಎನ್ನುವ ಲೆಕ್ಕ. ಭಾರ ಎತ್ತಿದ ಮೇಲೆ ಸ್ನಾಯು ಕಟ್ಟುವ ಕೆಲಸ ಒಂದೂವರೆ ಎರಡು ದಿನ ನಡೆಯುತ್ತಲೇ ಇರುತ್ತದೆ. ಅವತ್ತು ಬೇಳೆ, ಮೊಸರು, ಪನೀರು, ಮೊಟ್ಟೆ ಕಡಿಮೆ ಮಾಡಿದರೆ ಕಟ್ಟುವವರಿಗೆ ಇಟ್ಟಿಗೆ ಕೊಡದಂತೆ. ಅನ್ನ ಒಂದು ಸೌಟು ಕಡಿಮೆ ಮಾಡಿಕೊಳ್ಳಿ ಬೇಕಾದರೆ, ಪ್ರೋಟೀನ್ ಮುಟ್ಟಬೇಡಿ.

ಬಿಡುವು ಸಾಲುತ್ತಿಲ್ಲ ಎಂದು ತಿಳಿಯುವುದು ಹೇಗೆ? ಬೆಳಗ್ಗೆ ಹಾಸಿಗೆಯಲ್ಲೇ ಇದ್ದು ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ಹುಬ್ಬಳ್ಳಿಯವರ ನಾಡಿ ಮೊದಲು 62ರ ಸುತ್ತ ಇತ್ತು. ಏಳು ದಿನದ ಕಾಲದಲ್ಲಿ 70 ಮುಟ್ಟಿತ್ತು. ಜ್ವರ, ನೆಗಡಿ, ಹಿಂದಿನ ರಾತ್ರಿಯ ತಡ ಊಟ ಇಲ್ಲದೆ ನಾಲ್ಕೈದು ದಿನ ಬಿಡದೆ ನಾಡಿ ನಿಮ್ಮ ಮಾಮೂಲಿಗಿಂತ ಆರೇಳು ಹೆಚ್ಚಿದ್ದರೆ ಮೈ ಸಾಲ ಮಾಡುತ್ತಿದೆ ಎಂದು ತಿಳಿಯಿರಿ. ಎತ್ತುವ ಭಾರ ಇಳಿಯುವುದು ಇನ್ನೊಂದು ಗುರುತು. ಅವರು 60 ಕಿಲೋ ಹೊತ್ತು ಸ್ಕ್ವಾಟ್ ಮಾಡುತ್ತಿದ್ದವರು 50ಕ್ಕೇ ಏದುಸಿರು ಬಿಡುತ್ತಿದ್ದರು. ಮನೆಯವರು ಹೇಳಿದ ಗುರುತು ಇನ್ನೂ ಸರಿಯಾಗಿತ್ತು: "ಇತ್ತೀಚೆಗೆ ಯಾವುದಕ್ಕೂ ರೇಗುತ್ತಾರೆ, ರಾತ್ರಿ ಮೂರಕ್ಕೆ ಎದ್ದು ಕೂರುತ್ತಾರೆ."

ಅಕ್ಕತಂಗಿಯರಿಗೆ ಒಂದು ಮಾತು ಬೇರೆಯಾಗಿ. ವ್ಯಾಯಾಮ ಹೆಚ್ಚಿಸಿ ಊಟ ಕಡಿಮೆ ಮಾಡಿದ ಮೇಲೆ ಮುಟ್ಟು ಏರುಪೇರಾದರೆ, ನಿಂತುಹೋದರೆ, ಅದನ್ನು ಕೆಲಸದ ಒತ್ತಡ ಎಂದು ಬಿಡಬೇಡಿ. ಮೈಗೆ ಬೇಕಾದಷ್ಟು ಶಕ್ತಿ ಸಿಗುತ್ತಿಲ್ಲ ಎನ್ನುವುದರ ಗುರುತಾಗಿರಬಹುದು. ಹೀಗೇ ಮುಂದುವರಿದರೆ ಮೂಳೆ ಸವೆಯುತ್ತದೆ. ಜೋರು ವ್ಯಾಯಾಮ ನಿಲ್ಲಿಸಿ ಡಾಕ್ಟರನ್ನು ನೋಡಿ. ಹಾಗೆಯೇ ಯಾರಿಗಾದರೂ ವಿಪರೀತ ವ್ಯಾಯಾಮದ ಮರುದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದು, ಸ್ನಾಯು ಊದಿ ನೋಯುತ್ತಿದ್ದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ದಿಲ್ಲಿಯ ಮೇ ತಿಂಗಳ ಬಿಸಿಲಲ್ಲಿ ಇದು ಇನ್ನೂ ಅಪಾಯ.

ಹುಬ್ಬಳ್ಳಿಯವರಿಗೆ ನಾನು ಊಟ ಕತ್ತರಿಸಲು ಹೇಳಲಿಲ್ಲ. ಒಂದು ವಾರ ಬರೀ ನಡಿಗೆ, ಆಮೇಲೆ ಮತ್ತೆ ನಾಲ್ಕು ದಿನ. ಭಾನುವಾರ ಉದ್ದ ಓಟ, ಸೋಮವಾರ ಪೂರ್ತಿ ರಜೆ, ಮಂಗಳವಾರ ಭಾರ, ಬುಧವಾರ ಹಗುರ ನಡಿಗೆ, ಗುರುವಾರ ಚುರುಕು ಓಟ, ಶುಕ್ರವಾರ ಭಾರ, ಶನಿವಾರ ಮತ್ತೆ ನಡಿಗೆ. ರಜೆಯ ಸೋಮವಾರವೂ ಮೆಟ್ರೋದ ಮೆಟ್ಟಿಲು, ಸಂಜೆಯ ಹಾಲಿನಂಗಡಿ ಅವರದ್ದೇ. ವ್ಯಾಯಾಮದ ಹೊರಗಿನ ಹೆಜ್ಜೆ 8,000ಕ್ಕಿಂತ ಕೆಳಗೆ ಇಳಿಯಬಾರದು ಎನ್ನುವುದೊಂದೇ ಕಟ್ಟುನಿಟ್ಟು. ಹತ್ತು ದಿನದಲ್ಲಿ ನಾಡಿ ಮಾಮೂಲಿಗೆ ಬಂತು. ಮೊದಲ ಎರಡು ವಾರದಲ್ಲೇ ಕಾಟಾ ಒಂದು ಕಿಲೋ ಇಳಿಯಿತು. ಅದರಲ್ಲಿ ಹೆಚ್ಚಿನದು ನೀರು ಎಂದು ಅವರಿಗೆ ಮೊದಲೇ ಹೇಳಿದ್ದೆ. ಎಂಟು ವಾರದ ಕೊನೆಗೆ ಸೊಂಟ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿತ್ತು. ಲಸ್ಸಿಯನ್ನು ಅವರು ತಾವಾಗಿಯೇ ಬಿಟ್ಟರು. ಅಷ್ಟು ಹಸಿವಾಗುತ್ತಿಲ್ಲ ಎಂದರು.

ಆಟಗಾರರು ದಿನಕ್ಕೆ ಎರಡು ಸಲ ಮಾಡುತ್ತಾರಲ್ಲ ಎಂದು ನಮ್ಮ ಐಐಟಿಯ ತರುಣರು ಕೇಳುತ್ತೀರಿ. ಮಾಡುತ್ತಾರೆ. ಆಮೇಲೆ ಮಧ್ಯಾಹ್ನ ಮಲಗುತ್ತಾರೆ, ಬಡಿಸಿದ ಊಟ ಉಣ್ಣುತ್ತಾರೆ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಅಲ್ಲಿಗೆ ಮುಟ್ಟಿರುತ್ತಾರೆ, ಅವರಿಗೂ ಹಗುರ ದಿನ, ಹಗುರ ವಾರ ಇರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಆರು ದಿನ ಮಾಡಿಯೂ ಹೆಜ್ಜೆ, ನಿದ್ದೆ, ನಾಡಿ ಮೂರೂ ಕೆಡದಿದ್ದರೆ ನನ್ನ ತಕರಾರಿಲ್ಲ, ಮುಂದುವರಿಸಿ.

ಉಳಿದವರಲ್ಲಿ ನನ್ನ ಬೇಡಿಕೆ: ಆ ಪಟ್ಟಿಯ ಕೆಂಪು ಗುರುತನ್ನು ತೆಗೆದುಹಾಕಿ. ವ್ಯಾಯಾಮ ತಪ್ಪಿದವರನ್ನು ಗುರುತು ಮಾಡುವ ಬದಲು ವಾರಕ್ಕೆ ಮೂರು ಬಿಡುವಿನ ದಿನವನ್ನೂ ಅದರಲ್ಲೇ ಬರೆದು, ಪಕ್ಕದಲ್ಲಿ ಹೆಜ್ಜೆ ಮತ್ತು ನಿದ್ದೆಯ ಗಂಟೆಗೆ ಎರಡು ಮನೆ ಮಾಡಿ. ಈ ಬುಧವಾರ ಬೆಳಗ್ಗೆ ಆರೂವರೆಗೆ, ಐದಕ್ಕಲ್ಲ, ನಾನು ಪಾರ್ಕಿನ ಗೇಟಿನಲ್ಲಿ ಇರುತ್ತೇನೆ. ಓಟದ ಶೂ ಬೇಡ, ಚಪ್ಪಲಿ ಸಾಕು. ಕೆರೆಯವರೆಗೆ ಮಾತಾಡಿಕೊಂಡು ನಡೆದು ಬರೋಣ, ಬನ್ನಿ.

ಇಂತಿ,
ನಿಮ್ಮ ಗುಂಪಿನ ದಾವಣಗೆರೆಯ ಫಿಸಿಯೊಥೆರಪಿಸ್ಟ್